12 ಜಿಬಿಯನ್ನು ಹಿಂದಿಕ್ಕಿದ 8 ಜಿಬಿ

ಗ್ರಾಫಿಕ್ಸ್ ಕಾರ್ಡಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಮೆಮೊರಿಯ ಅಂಕಿ. ಅದನ್ನೇ ನಂಬಿ ಕೊಳ್ಳುವವರಿಗೆ ಎನ್‌ವಿಡಿಯಾದ ಎರಡು ಕಾರ್ಡುಗಳು ಒಗಟಾಗಿ ಕಾಣುತ್ತವೆ. ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಮೆಮೊರಿ. ಅದಕ್ಕಿಂತ ದುಬಾರಿಯಾದ 3060 ಟಿಐನಲ್ಲಿ 8 ಜಿಬಿ ಮಾತ್ರ. ಆದರೂ ಬಹುತೇಕ ಆಟಗಳಲ್ಲಿ ಟಿಐ ಎದ್ದು ಕಾಣುವಷ್ಟು ಮುಂದೆ.

ಉಗ್ರಾಣ ಎಷ್ಟೇ ದೊಡ್ಡದಿರಲಿ, ಸರಕು ಹೊರಬರುವುದು ಬಾಗಿಲಿನ ಅಗಲಕ್ಕೆ ತಕ್ಕಂತೆ. ಕಾರ್ಡಿನ ಆ ಬಾಗಿಲೇ ‘ಬಸ್’. 3060ರ ಬಸ್ ಅಗಲ 192 ಬಿಟ್, ಟಿಐದು 256. ಒಂದೊಂದು ಬಿಟ್ ದಾರಿಯಲ್ಲೂ ಸೆಕೆಂಡಿಗೆ ಎಷ್ಟು ದತ್ತಾಂಶ ಹರಿಯುತ್ತದೆ ಎಂಬುದು ಮೆಮೊರಿ ಚಿಪ್ಪಿನ ವೇಗ: 3060ರಲ್ಲಿ 15 ಗಿಗಾಬಿಟ್, ಟಿಐನಲ್ಲಿ 14. ಎರಡನ್ನೂ ಗುಣಿಸಿ, ಬೈಟಿಗೆ ತರಲು 8ರಿಂದ ಭಾಗಿಸಿದರೆ 3060ಕ್ಕೆ ಸೆಕೆಂಡಿಗೆ 360 ಜಿಬಿ, ಟಿಐಗೆ 448 ಜಿಬಿ. ಚಿಪ್ ನಿಧಾನವಾದರೂ ಬಸ್ಸಿನ ಅಗಲ ಆ ಕೊರತೆಯನ್ನು ತುಂಬಿಕೊಟ್ಟಿದೆ. ಜೊತೆಗೆ ಲೆಕ್ಕ ಮಾಡುವ ಕೋರ್‌ಗಳೂ ಟಿಐನಲ್ಲಿ ಹೆಚ್ಚು: 3584ರ ಎದುರು 4864.

ಹಾಗಾದರೆ ಅಗ್ಗದ ಕಾರ್ಡಿಗೆ 12 ಜಿಬಿ ಏಕೆ? ಇದು ಧಾರಾಳತನವಲ್ಲ, ಗಣಿತ. ಒಂದೊಂದು ಮೆಮೊರಿ ಚಿಪ್ಪಿಗೂ ಬಸ್ಸಿನಲ್ಲಿ 32 ಬಿಟ್ ಬೇಕು. 192 ಬಿಟ್ಟಿಗೆ ಆರು ಚಿಪ್. ಒಂದೊಂದು ಜಿಬಿಯ ಚಿಪ್ ಹಾಕಿದರೆ 6 ಜಿಬಿ, ಎರಡೆರಡರದು ಹಾಕಿದರೆ 12. ಆರು ಕಡಿಮೆ ಅನ್ನಿಸಿದರೆ ಮುಂದಿನ ಮೆಟ್ಟಿಲೇ ಹನ್ನೆರಡು. ಟಿಐನಲ್ಲಿ ಎಂಟು ಚಿಪ್, ತಲಾ ಒಂದು ಜಿಬಿ.

ಗಾತ್ರಕ್ಕೆ ಬೆಲೆಯೇ ಇಲ್ಲವೆಂದಲ್ಲ. 2023ರ ಆರ್‌ಟಿಎಕ್ಸ್ 4060 ಟಿಐ 8 ಜಿಬಿ, 16 ಜಿಬಿ ಎರಡರಲ್ಲೂ ಬಂತು. ಕೋರ್ ಅಷ್ಟೇ, ಬಸ್ಸೂ ಅದೇ 128 ಬಿಟ್. ಆಟಕ್ಕೆ 8 ಜಿಬಿ ಸಾಲುವವರೆಗೆ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ. ಸಾಲದಾದಾಗ ಮಾತ್ರ ಕತೆ ಬೇರೆ. ಹೆಚ್ಚಾದ ಚಿತ್ರಗಳು ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ನಿಂದ ಬರಬೇಕು. ಆ ದಾರಿಯಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ, ಕಾರ್ಡಿನ ಒಳಗಾದರೆ 288. ಆಗ ಆಟ ತಡವರಿಸುತ್ತದೆ, ಗೋಡೆ-ಮರಗಳ ಮೇಲ್ಮೈ ಮಸುಕಾಗಿ ಕಾಣುತ್ತದೆ. ವಿಂಡೋಸ್‌ನ Task Managerನಲ್ಲಿ Dedicated GPU memory ತುಂಬಿ Shared GPU memory ಏರುತ್ತಿದ್ದರೆ ಕಾರಣ ಇದೇ.

ಬೇರೆ ಬೇರೆ ಪೀಳಿಗೆಯ ಕಾರ್ಡುಗಳನ್ನು ಬಸ್ ಅಗಲವೊಂದರಿಂದಲೇ ಅಳೆಯುವುದೂ ತಪ್ಪು. 4060 ಟಿಐನ ಚಿಪ್ಪಿನೊಳಗೆ 32 ಎಂಬಿ ಕ್ಯಾಶ್ ಇದೆ, 3060 ಟಿಐನಲ್ಲಿ 4 ಎಂಬಿ. ಬೇಕಾದದ್ದು ಅಲ್ಲೇ ಸಿಕ್ಕರೆ ಮೆಮೊರಿಯ ಕಡೆ ಹೋಗುವ ಪ್ರಮೇಯ ಕಡಿಮೆ. ಆದರೆ ರೆಸಲ್ಯೂಷನ್ ಹೆಚ್ಚಿದಂತೆ ಕ್ಯಾಶ್ ಸಾಲದೆ ಕಿರಿದಾದ ಬಸ್ಸಿನ ಕೊರತೆ ಬಯಲಾಗುತ್ತದೆ.

ಕೊಳ್ಳುವವರು ಎಚ್ಚರವಾಗಿರಬೇಕಾದದ್ದು ಒಂದೇ ಹೆಸರಿನ ಕಾರ್ಡುಗಳ ವಿಷಯದಲ್ಲಿ. 3060 ಆಮೇಲೆ 8 ಜಿಬಿಯಲ್ಲೂ ಬಂತು. ಕಡಿತವಾದದ್ದು ಮೆಮೊರಿಯಷ್ಟೇ ಅಲ್ಲ. ಆರು ಚಿಪ್ ನಾಲ್ಕಾಗಿ, ಬಸ್ 128 ಬಿಟ್ಟಿಗೆ, ಸಾಗಣೆ ಸೆಕೆಂಡಿಗೆ 240 ಜಿಬಿಗೆ ಇಳಿಯಿತು. ಹಳೆಯ ಕಾರ್ಡು ಕೊಳ್ಳುವಾಗ GPU-Z ಎಂಬ ಉಚಿತ ತಂತ್ರಾಂಶ ತೆರೆದು Bus Width ಸಾಲನ್ನು ಓದಿದರೆ ಯಾವುದು ಕೈಗೆ ಬರುತ್ತಿದೆಯೆಂದು ತಿಳಿಯುತ್ತದೆ.