ಒಂದು ಕರ್ಣ ಗೊತ್ತಿದ್ದರೆ ಇನ್ನೊಂದು

ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಕೂತರೆ ಅದು ಚಕ್ರೀಯ ಚತುರ್ಭುಜ. ಅದರ ಎರಡು ಕರ್ಣಗಳ ಗುಣಲಬ್ಧ, ಎದುರುಬದುರು ಬಾಹುಗಳ ಗುಣಲಬ್ಧಗಳ ಮೊತ್ತಕ್ಕೆ ಸಮ. ಇದು 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಸಾಧಿಸಿ ತೋರಿಸಿದ ಪ್ರಮೇಯ. ಆಕಾಶಕಾಯಗಳ ಲೆಕ್ಕಕ್ಕೆ ಬೇಕಾದ ಜ್ಯಾಗಳ ಕೋಷ್ಟಕ ಕಟ್ಟಲು ಆತ ಇದನ್ನು ಬಳಸಿದ.

ನಮ್ಮ ‘ಲೀಲಾವತಿ’ಯಲ್ಲೂ ಬರುವ ಚತುರ್ಭುಜವೊಂದನ್ನು ನೋಡೋಣ. ಬಾಹುಗಳು ಸುತ್ತಲೂ ಕ್ರಮವಾಗಿ 25, 39, 60, 52. ಒಂದು ಕರ್ಣ 56. ಎದುರು ಬಾಹುಗಳನ್ನು ಗುಣಿಸಿದರೆ 25 × 60 = 1500, 39 × 52 = 2028. ಕೂಡಿದರೆ 3528. ಅದನ್ನು 56ರಿಂದ ಭಾಗಿಸಿ: ಇನ್ನೊಂದು ಕರ್ಣ 63. ವರ್ಗಮೂಲದ ಗೋಜೇ ಇಲ್ಲ!

ಎಡವುವುದು ಪಕ್ಕದ ಬಾಹುಗಳನ್ನು ಗುಣಿಸಿದಾಗ. ಆಗ ಉತ್ತರ ಸುಮಾರು 73 ಬರುತ್ತದೆ. ಆದರೆ ಈ ವೃತ್ತದ ವ್ಯಾಸವೇ 65. ಅದಕ್ಕಿಂತ ಉದ್ದದ ಕರ್ಣ ಒಳಗೆ ಹಿಡಿಸುವುದಾದರೂ ಹೇಗೆ?

ಎರಡೂ ಕರ್ಣ ಗೊತ್ತಿಲ್ಲದಿದ್ದರೆ ಇದೊಂದೇ ಸೂತ್ರ ಸಾಲದು, ಇದು ಕೊಡುವುದು ಗುಣಲಬ್ಧವನ್ನಷ್ಟೇ. ಇನ್ನು ಮೂಲೆಯೊಂದು ವೃತ್ತದಿಂದ ಸರಿದರೆ ಸಮತೆಯೇ ತಪ್ಪುತ್ತದೆ: ಕರ್ಣಗಳ ಗುಣಲಬ್ಧ ಆ ಮೊತ್ತಕ್ಕಿಂತ ಕಡಿಮೆಯಾಗುತ್ತದೆ.