ಅಕ್ಕಿ ಅಕ್ಕನಾದ ಪ್ಯಾಚ್

ದಿನಸಿ ಅಂಗಡಿಯ ಬಿಲ್ಲಿಂಗ್ ತಂತ್ರಾಂಶವೊಂದನ್ನು ಕಲ್ಪಿಸಿಕೊಳ್ಳಿ. ಅದು ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಅದರ ಕೋಡ್ ತಿದ್ದಿ ಕಳಿಸಬಹುದು. ಪರದೆಯಲ್ಲಿ ಸಾಮಾನಿನ ಹೆಸರು ಉದ್ದವಾದರೆ ಅದು ಪಕ್ಕದ ದರದ ಮೇಲೆ ಹರಿದು ಎರಡೂ ಓದಲಾಗುವುದಿಲ್ಲ. ಈ ತೊಂದರೆ ನೀಗಲು ಉತ್ಸಾಹಿ ಪ್ರೋಗ್ರಾಮರ್ ಒಬ್ಬರು ನಾಲ್ಕು ಸಾಲಿನ ತಿದ್ದುಪಡಿ ಬರೆದು ಕಳಿಸುತ್ತಾರೆ. ಇಂಥ ತಿದ್ದುಪಡಿಗೆ ಈ ವಲಯದಲ್ಲಿ ಪ್ಯಾಚ್ ಎನ್ನುತ್ತಾರೆ.

```python
def short_name(name, limit=15):
    if len(name) <= limit:
        return name
    return name[:limit] + "…"
```

ಹೆಸರು ಹದಿನೈದರ ಮಿತಿಯೊಳಗಿದ್ದರೆ ಹಾಗೇ ಇರಲಿ, ಮೀರಿದರೆ ಮೊದಲ ಹದಿನೈದನ್ನು ಉಳಿಸಿ ಮುಂದೆ ಮೂರು ಚುಕ್ಕಿ ಹಾಕು ಎಂಬುದಷ್ಟೇ ಇದರ ಅರ್ಥ. ಅವರು ‘Sona Masuri Rice’ ಎಂದು ಕೊಟ್ಟು ಪರೀಕ್ಷಿಸಿದಾಗ ‘Sona Masuri Ric…’ ಎಂದು ಬಂತು. ಒಂದು ಅಕ್ಷರ ಹೋದರೂ ಓದುವವರಿಗೆ ತಿಳಿಯುತ್ತದೆ. ಪರೀಕ್ಷೆ ಪಾಸಾಯಿತು, ಪ್ಯಾಚ್ ಹೊರಟಿತು.

ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್ ಕನ್ನಡದಲ್ಲಿ ‘ಸೋನಾ ಮಸೂರಿ ಅಕ್ಕಿ’ ಎಂದು ಕೊಟ್ಟು ನೋಡುತ್ತಾರೆ. ಪರದೆಯಲ್ಲಿ ಮೂಡುವುದು ‘ಸೋನಾ ಮಸೂರಿ ಅಕ್ಕ…’.

ಅಕ್ಕಿ ಅಕ್ಕನಾದದ್ದು ಹೇಗೆ? ನಮ್ಮ ಕಣ್ಣಿಗೆ ‘ಅಕ್ಕಿ’ಯಲ್ಲಿರುವುದು ಎರಡೇ ಅಕ್ಷರ: ಅ, ಕ್ಕಿ. ಪೈಥಾನ್ ಭಾಷೆಯ `len` ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಆ ಲೆಕ್ಕದಲ್ಲಿ ಅದು ಐದು: ಅ, ಕ, ಹಲಂತದ ಚಿಹ್ನೆ, ಇನ್ನೊಂದು ಕ, ಕೊನೆಗೆ ಗುಡಿಸು. ಇಡೀ ಹೆಸರು, ನಡುವಿನ ಖಾಲಿ ಜಾಗವೂ ಸೇರಿ, ಹದಿನಾರಾಗುತ್ತದೆ. ಹದಿನೈದಕ್ಕೆ ಕತ್ತರಿ ಬಿದ್ದಾಗ ಗುಡಿಸು ಮಾತ್ರ ಉದುರುತ್ತದೆ. ಮಿತಿ ಹದಿನಾಲ್ಕಾಗಿದ್ದರೆ ‘ಅಕ್…’, ಹದಿಮೂರಾಗಿದ್ದರೆ ‘ಅಕ…’. ಇವೆರಡನ್ನು ನೋಡಿದವರಿಗೆ ಏನೋ ಕೆಟ್ಟಿದೆ ಎಂದಾದರೂ ಹೊಳೆಯುತ್ತದೆ. ‘ಅಕ್ಕ’ ಎಂಬುದು ಸರಿಯಾದ ಕನ್ನಡ ಪದವೇ ಆದ್ದರಿಂದ ಈ ತಪ್ಪು ತಪ್ಪಿನಂತೆ ಕಾಣುವುದೇ ಇಲ್ಲ. ಹೆಚ್ಚು ಅಪಾಯಕಾರಿ ಬಗ್ ಎಂದರೆ ಇದೇ.

ಈಗ ಮೇಂಟೇನರ್ ಇದನ್ನು ಬೇಡವೆನ್ನಬೇಕು. ‘ಸರಿಯಿಲ್ಲ’ ಎಂದೊಂದು ಮಾತು ಬರೆದು ಮುಚ್ಚಿದರೆ ಬರೆದವರಿಗೆ ಏನೂ ತಿಳಿಯುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ಅದು ಸರಿಯಾಗಿಯೇ ನಡೆದಿದೆಯಲ್ಲ! ‘ನೋಡೋಣ’ ಎಂದು ತಿಂಗಳುಗಟ್ಟಲೆ ಬಿಟ್ಟರೆ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಅವರು ಕಾಯುತ್ತಲೇ ಇರುತ್ತಾರೆ. ಒಳ್ಳೆಯ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ:

“ನಮಸ್ಕಾರ. ದರದ ಮೇಲೆ ಹೆಸರು ಹರಿಯುವ ತೊಂದರೆಯನ್ನು ನೀವು ಗುರುತಿಸಿದ್ದು ಸರಿಯಾಗಿದೆ, ಅದು ನಮಗೂ ಬೇಕಾದ ತಿದ್ದುಪಡಿ. ಆದರೆ ಈ ಪ್ಯಾಚನ್ನು ಈ ರೂಪದಲ್ಲಿ ಸೇರಿಸಿಕೊಳ್ಳಲು ಆಗುತ್ತಿಲ್ಲ. `short_name("ಸೋನಾ ಮಸೂರಿ ಅಕ್ಕಿ")` ಎಂದು ಓಡಿಸಿ ನೋಡಿ, ಕೊನೆಯ ಪದ ‘ಅಕ್ಕ’ ಎಂದು ಬರುತ್ತದೆ. ಮಿತಿಯನ್ನು ಹೆಚ್ಚಿಸಿದರೂ ಇದು ಹೋಗುವುದಿಲ್ಲ, ಬೇರೊಂದು ಹೆಸರಿನಲ್ಲಿ ಮತ್ತೆ ಬರುತ್ತದೆ.”

ಇಲ್ಲಿ ನಿರಾಕರಣೆ ಮೂರನೆಯ ವಾಕ್ಯಕ್ಕೇ ಬಂದಿದೆ. ಸೌಜನ್ಯವೆಂದರೆ ಬೇಡವೆನ್ನುವುದನ್ನು ಸುತ್ತಿಬಳಸಿ ಹೇಳುವುದಲ್ಲ. ಯಾರ ಮನಸ್ಸೂ ನೋಯದಂತೆ ‘ಇನ್ನಷ್ಟು ಸುಧಾರಿಸಬಹುದೇನೋ’ ಎಂದು ಬರೆದರೆ ಕಳಿಸಿದವರು ಅದನ್ನು ಒಪ್ಪಿಗೆಯೆಂದೇ ತಿಳಿದು ಇನ್ನೊಂದು ವಾರ ಅದರ ಮೇಲೆ ಕೂರುತ್ತಾರೆ. ಓಡಿಸಿ ನೋಡಬಹುದಾದ ಒಂದು ಸಾಲು ಕೊಟ್ಟಿರುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಮೇಂಟೇನರ್ ಮಾತನ್ನು ನಂಬಿ ಎಂದು ಕೇಳದೆ, ನೀವೇ ಕಣ್ಣಾರೆ ನೋಡಿ ಎಂದು ಅದು ಹೇಳುತ್ತದೆ.

ಕಳಿಸಿದವರು ಸೋಲೊಪ್ಪದೆ ಇನ್ನೊಂದು ದಾರಿ ಸೂಚಿಸುವುದು ಸಹಜ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ಸಂಕೇತಗಳನ್ನು ಒಟ್ಟಿಗೆ ಹಿಡಿಯುವ ನಿಯಮಗಳು ಯೂನಿಕೋಡ್‌ನಲ್ಲೇ ಇವೆ. ಪೈಥಾನಿನ `regex` ಲೈಬ್ರರಿಯಲ್ಲಿ `\X` ಎಂದು ಬರೆದರೆ ಸಾಕು, ಅದನ್ನು ಬಳಸಲೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಚೆನ್ನಾಗಿದೆ. ಗುಡಿಸು ಉದುರುವುದು ಅದರಿಂದ ನಿಲ್ಲುತ್ತದೆ. ಆದರೆ ಒತ್ತಕ್ಷರದ ಕಥೆ ಬೇರೆ. 2023ರಲ್ಲಿ ಬಂದ ಯೂನಿಕೋಡ್ 15.1ನೇ ಆವೃತ್ತಿ ಒತ್ತಕ್ಷರಗಳನ್ನು ಒಡೆಯಬಾರದೆಂಬ ನಿಯಮ ಸೇರಿಸಿದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳನ್ನು ಅದರೊಳಗೆ ತಂದಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಆ ನಿಯಮದಂತೆ ‘ಅಕ್ಕಿ’ ಎಂಬುದು ಅ, ಕ್, ಕಿ ಎಂದು ಮೂರು ತುಂಡು. ಕತ್ತರಿ ಅಲ್ಲಿ ಬಿದ್ದರೆ ‘ಅಕ್…’ ಎಂದೇ ಉಳಿಯುತ್ತದೆ.

ಇಷ್ಟೆಲ್ಲ ಕತ್ತರಿಸುವ ಜಾಗದ ಮಾತಾಯಿತು. ಮೇಂಟೇನರ್ ಈ ಪ್ಯಾಚನ್ನು ಒಪ್ಪದಿರಲು ಇದಕ್ಕಿಂತ ದೊಡ್ಡ ಕಾರಣವೊಂದಿದೆ: ಕತ್ತರಿಸುವ ಹೊತ್ತೇ ತಪ್ಪು. ಹೆಸರನ್ನು ಉಳಿಸುವಾಗಲೇ ಈ ಪ್ಯಾಚ್ ಮೊಟಕು ಮಾಡುತ್ತದೆ, ಡೇಟಾಬೇಸಿಗೆ ಹೋಗುವುದೇ ತುಂಡು ಹೆಸರು. ಅಂಗಡಿಯಲ್ಲಿ ‘ಸೋನಾ ಮಸೂರಿ ಅಕ್ಕಿ’ ಮತ್ತು ‘ಸೋನಾ ಮಸೂರಿ ಅಕ್ಕಿ ನುಚ್ಚು’ ಎರಡೂ ಇದ್ದರೆ ಎರಡರ ಹೆಸರೂ ಒಂದೇ ಆಗುತ್ತದೆ. ದರ ಬೇರೆ, ಹೆಸರು ಒಂದೇ; ಗಲ್ಲಾದಲ್ಲಿ ಕೂತವರು ಯಾವುದನ್ನು ಒತ್ತಬೇಕು? ‘ಅಕ್ಕಿ’ ಎಂದು ಹುಡುಕಿದರೆ ಎರಡೂ ಸಿಗುವುದಿಲ್ಲ. ಮುಂದೆ ಅಗಲವಾದ ಪರದೆ ಬಂದರೂ ಕಳೆದುಹೋದ ಭಾಗ ಮರಳುವುದಿಲ್ಲ.

ಆದ್ದರಿಂದ ಮೇಂಟೇನರ್ ಬಯಸುವ ವಿನ್ಯಾಸದಲ್ಲಿ `short_name` ಇರುವುದೇ ಇಲ್ಲ. ಹೆಸರು ಇಡಿಯಾಗಿ ಉಳಿಯುತ್ತದೆ, ಮರೆಮಾಡುವ ಕೆಲಸ ಪರದೆಗೆ ಬರೆಯುವ ಬ್ರೌಸರಿನದು.

```css
.item-name {
  white-space: nowrap;
  overflow: hidden;
  text-overflow: ellipsis;
}
```

ಬ್ರೌಸರ್ ಮೊದಲು ಅಕ್ಷರಗಳನ್ನು ಫಾಂಟಿನಲ್ಲಿ ಜೋಡಿಸಿ, ಆಮೇಲೆ ಅಂಕಣದ ಅಗಲ ನೋಡಿ, ಹಿಡಿಸದ್ದನ್ನು ಮುಚ್ಚಿ ಚುಕ್ಕಿ ಹಾಕುತ್ತದೆ. ಸಂಕೇತ ಎಣಿಸುವ ಗೋಜೇ ಇಲ್ಲ. ಅಕಸ್ಮಾತ್ ಕೊನೆಯ ಅಕ್ಷರ ಕಾಣದಿದ್ದರೂ ಉಳಿಸಿಟ್ಟ ಹೆಸರಿಗೆ ಏನೂ ಆಗಿರುವುದಿಲ್ಲ, ಸಾಲನ್ನು ಒತ್ತಿದರೆ ಪೂರ್ತಿ ತೋರಿಸಬಹುದು. ಇದು ಪರದೆಗೆ ಮಾತ್ರ. ಬಿಲ್ ಮುದ್ರಿಸುವಾಗ ಕತ್ತರಿಸುವ ಬದಲು ಖಾಲಿ ಜಾಗವಿರುವಲ್ಲಿ ಮುರಿದು ಮುಂದಿನ ಸಾಲಿಗೆ ಇಳಿಸುವುದು ಲೇಸು.

ಮೌನವಾಗಿ ಮೊಟಕು ಮಾಡುವುದರ ಮೇಲಿನ ಈ ಜಗಳ ಹಳೆಯದು. ಓಪನ್‌ಬಿಎಸ್‌ಡಿ ತಂಡ ರೂಪಿಸಿದ `strlcpy` ಎಂಬ ನಕಲು ಮಾಡುವ ಫಂಕ್ಷನ್ನನ್ನು ಲಿನಕ್ಸ್ ವ್ಯವಸ್ಥೆಗಳ ಮೂಲ ಲೈಬ್ರರಿಯಾದ `glibc`ಗೆ ಸೇರಿಸಬೇಕೆಂಬ ಪ್ಯಾಚ್ 2000ದಲ್ಲಿ ಬಂತು. ಜಾಗ ಸಾಲದಿದ್ದರೆ ಅದು ಪಠ್ಯವನ್ನು ಮೊಟಕು ಮಾಡುತ್ತದೆ, ಕರೆದವರು ಫಲಿತಾಂಶ ಪರೀಕ್ಷಿಸದಿದ್ದರೆ ಮಾಹಿತಿ ಸದ್ದಿಲ್ಲದೆ ಕಳೆದುಹೋಗುತ್ತದೆ ಎಂಬುದು ವಿರೋಧಿಗಳ ವಾದವಾಗಿತ್ತು. ವಾದದಲ್ಲಿ ಹುರುಳಿತ್ತು. ಆದರೆ ಅಂದು ಬಂದ ನಿರಾಕರಣೆಯ ಭಾಷೆ ಒರಟಾಗಿತ್ತು, ಇಂದಿಗೂ ಜನ ನೆನೆಯುವುದು ಆ ಒರಟುತನವನ್ನೇ. ಕೊನೆಗೆ ಆ ಫಂಕ್ಷನ್ 2023ರಲ್ಲಿ, ಲೈಬ್ರರಿಯ 2.38ನೇ ಆವೃತ್ತಿಯಲ್ಲಿ, ಒಳಗೆ ಬಂತು. ಪೋಸಿಕ್ಸ್ ಮಾನದಂಡದ ಮುಂದಿನ ಆವೃತ್ತಿಗೆ ಅದು ಸೇರುವುದಿತ್ತು ಎಂಬುದು ಅದಕ್ಕೊಂದು ಕಾರಣ.

ನಮ್ಮ ಬಿಲ್ಲಿಂಗ್ ಉದಾಹರಣೆಯಲ್ಲಿ ಪ್ಯಾಚ್ ಮುಚ್ಚಿದರೂ ಬರೆದವರಿಗೆ ಮಾಡಲು ಕೆಲಸ ಉಳಿದಿದೆ: ಮೇಲಿನ ವಿನ್ಯಾಸದಲ್ಲಿ ಹೊಸ ಪ್ಯಾಚ್, ಜೊತೆಗೆ ಕನ್ನಡ ಹೆಸರುಗಳ ಪರೀಕ್ಷೆ. ಓದುಗರೂ ಇದರಲ್ಲಿ ಕೈಜೋಡಿಸಬಹುದು. ನಿಮ್ಮ ಮೊಬೈಲಿನ ಯಾವುದೇ ಆ್ಯಪ್‌ನಲ್ಲಿ ಕನ್ನಡ ಪದ ತುಂಡಾಗಿ ಕಂಡರೆ ಅದರ ಸ್ಕ್ರೀನ್‌ಶಾಟ್, ಮೂಲ ಪದದ ಪೂರ್ಣ ರೂಪ, ಆ್ಯಪ್‌ನ ಆವೃತ್ತಿ ಸಂಖ್ಯೆ ಮೂರನ್ನೂ ತಯಾರಕರಿಗೆ ಬರೆದು ಕಳಿಸಿ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಅವರಿಗೆ ಬಗ್ ಹುಡುಕಲು ದಾರಿಯಿರುವುದಿಲ್ಲ.