ಮೇಜಿನ ನಂತರವೇ ‘ಮೇಲೆ’ ಏಕೆ?

ಇಂಗ್ಲಿಷಿನ ‘ಆನ್ ದ ಟೇಬಲ್’ ಕನ್ನಡದಲ್ಲಿ ‘ಮೇಜಿನ ಮೇಲೆ’ ಆಗುತ್ತದೆ. ‘ಆನ್’ ನಾಮಪದಕ್ಕಿಂತ ಮೊದಲು ಬಂದರೆ ‘ಮೇಲೆ’ ನಾಮಪದದ ನಂತರ ಬರುತ್ತದೆ. ಮೊದಲಿನದು ಪ್ರಿಪೊಸಿಷನ್, ಎರಡನೆಯದು ಪೋಸ್ಟ್‌ಪೊಸಿಷನ್.

ಕ್ರಿಯಾಪದದ ವಿಷಯದಲ್ಲೂ ಹೀಗೇ. ಅವರು ‘ಈಟ್ ಫ್ರೂಟ್’ ಎನ್ನುವಲ್ಲಿ ನಾವು ‘ಹಣ್ಣು ತಿನ್ನು’ ಎನ್ನುತ್ತೇವೆ. ಪದಗಳ ಗುಂಪಿನಲ್ಲಿ ಉಳಿದವು ಯಾವ ಪದಕ್ಕೆ ಅಧೀನವೋ ಅದನ್ನು ಭಾಷಾವಿಜ್ಞಾನಿಗಳು ‘ಹೆಡ್’, ಅಂದರೆ ಮುಖ್ಯಪದ, ಎಂದು ಕರೆಯುತ್ತಾರೆ. ಇಲ್ಲಿ ‘ತಿನ್ನು’ ಮುಖ್ಯಪದ, ಹಾಗೆಯೇ ‘ಮೇಲೆ’ ಕೂಡ. ಕನ್ನಡದಲ್ಲಿ ಅದು ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಬಹುಪಾಲು ಮೊದಲಿಗೆ.

ಜೋಸೆಫ್ ಗ್ರೀನ್‌ಬರ್ಗ್ 30 ಭಾಷೆಗಳನ್ನು ಹೋಲಿಸಿ 1963ರಲ್ಲಿ ಪ್ರಕಟಿಸಿದ ಬರಹ ಈ ಎರಡನ್ನೂ ಜೋಡಿಸಿತು. ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆಗಳಲ್ಲಿ ಹೆಚ್ಚಿನವು ಪೋಸ್ಟ್‌ಪೊಸಿಷನ್ ಬಳಸುತ್ತವೆ ಎಂದು ಅವರು ತೋರಿಸಿದರು.

ಕಾರಣವೇನು? ಇದಕ್ಕೆ ಹಲವು ವಿವರಣೆಗಳಿವೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಪದಗಳ ಹುಟ್ಟಿನಲ್ಲೇ ಉತ್ತರ ಹುಡುಕುವ ವಿವರಣೆ. ‘ಅವನನ್ನು ಬಿಟ್ಟು ಎಲ್ಲರೂ ಬಂದರು’ ಎನ್ನುವಾಗ ಯಾರೂ ಯಾರನ್ನೂ ಎಲ್ಲೂ ಬಿಟ್ಟು ಬಂದಿಲ್ಲ. ‘ಬಿಡು’ ಎಂಬ ಕ್ರಿಯೆಯ ಅರ್ಥ ಸವೆದು, ‘ಅವನ ಹೊರತು’ ಎಂಬ ಸಂಬಂಧವಷ್ಟೇ ಉಳಿದಿದೆ. ‘ಅದನ್ನು ಕುರಿತು’ ಎಂಬಲ್ಲಿನ ‘ಕುರಿತು’ ಕೂಡ ಮೂಲದಲ್ಲಿ ಕ್ರಿಯಾರೂಪವೇ. ಅರ್ಥ ಸವೆದರೂ ಪದ ತನ್ನ ಜಾಗ ಬಿಟ್ಟು ಕದಲಲಿಲ್ಲ. ಕನ್ನಡದಲ್ಲಿ ಕರ್ಮ ಮೊದಲು, ಕ್ರಿಯೆ ಆಮೇಲೆ. ‘ಅವನನ್ನು’ ಎಂಬಲ್ಲಿನ ‘ಅನ್ನು’ ಆ ಹಳೆಯ ಸಂಬಂಧದ ಗುರುತಾಗಿ ಇಂದಿಗೂ ಉಳಿದಿದೆ. ಇಂಗ್ಲಿಷಿನ ‘ಕನ್ಸರ್ನಿಂಗ್’ ಕೂಡ ಕ್ರಿಯಾಪದದಿಂದಲೇ ಬಂದದ್ದು. ಅಲ್ಲಿ ಕ್ರಿಯೆ ಮೊದಲು ಬರುವುದರಿಂದ ಅದು ಪ್ರಿಪೊಸಿಷನ್ ಆಯಿತು.

‘ಮೇಲೆ’, ‘ಒಳಗೆ’ ಇವುಗಳದು ಇನ್ನೊಂದು ದಾರಿ. ‘ಮನೆಯ ಬಾಗಿಲು’, ‘ಮನೆಯ ಒಳಗೆ’ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ‘ಮನೆ’ಗೆ ಷಷ್ಠಿ ವಿಭಕ್ತಿಯೇ. ‘ಒಳ’ ಜಾಗವನ್ನು ಹೇಳುವ ನಾಮಪದವಾಗಿತ್ತು, ಮನೆ ಅದರ ಒಡೆಯ. ಕನ್ನಡದಲ್ಲಿ ಒಡೆಯ ಮೊದಲು, ಒಡೆತನದ ವಸ್ತು ನಂತರ. ಇಂಗ್ಲಿಷಿನ ‘ಇನ್ ಫ್ರಂಟ್ ಆಫ್ ದ ಹೌಸ್’ನಲ್ಲಿ ಜಾಗದ ಹೆಸರು ‘ಫ್ರಂಟ್’ ಮೊದಲು, ಮನೆ ಕೊನೆಗೆ.

ಇಂಗ್ಲಿಷ್ ಪೂರ್ತಿ ಒಂದೇ ಕಡೆ ವಾಲಿಲ್ಲ. ‘ತ್ರೀ ಇಯರ್ಸ್ ಅಗೋ’ದಲ್ಲಿ ‘ಅಗೋ’ ಹಿಂದೆಯೇ ಬರುತ್ತದೆ.

ಪರ್ಶಿಯನ್ ಭಾಷೆ ಇನ್ನೂ ಸ್ವಾರಸ್ಯದ್ದು. ಕನ್ನಡದಂತೆ ಅಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ, ಆದರೂ ಅದು ಮುಖ್ಯವಾಗಿ ಪ್ರಿಪೊಸಿಷನ್‌ಗಳ ಭಾಷೆ. ಅಲ್ಲಿ ‘ಮೇಜಿನ ಮೇಲೆ’ ಎನ್ನಲು ‘ರೂಯೆ ಮೀಜ್’ ಎನ್ನುತ್ತಾರೆ. ‘ರೂ’ ಎಂದರೆ ಮುಖ, ‘ಯೆ’ ಎರಡನ್ನೂ ಬೆಸೆಯುವ ಕೊಂಡಿ, ‘ಮೀಜ್’ ಎಂದರೆ ಮೇಜು. ಪರ್ಶಿಯನ್ನಿನಲ್ಲಿ ವಸ್ತು ಮೊದಲು, ಒಡೆಯ ನಂತರ. ಕ್ರಿಯಾಪದ ಎಲ್ಲೇ ಇರಲಿ, ‘ರೂ’ ನಾಮಪದವಾಗಿದ್ದಾಗ ನಿಂತಿದ್ದ ಜಾಗದಲ್ಲೇ ಈಗಲೂ ನಿಂತಿದೆ.